ಕಳ್ಳತನ ಅನ್ನುವ ಮೊದಲು ಪೆಗ್ ಮೆಷರ್ ಅಳೆದು ನೋಡಿ

ಮಂಡ್ಯದ ನೂರಡಿ ರಸ್ತೆಯ ಹತ್ತಿರದ ಒಂದು ಬಾರ್ ಅಂಡ್ ರೆಸ್ಟೋರೆಂಟ್‌ನಿಂದ ಫೋನ್ ಬಂತು. ಓನರ್ ಸಿಟ್ಟಿನಲ್ಲಿದ್ದರು. "ಸಾರ್, ಕೌಂಟರ್ ಹುಡುಗ ಕದೀತಾವ್ನೆ. ಯಾಪಾರ ಹಂಗೇ ಐತೆ, ದುಡ್ಡು ಮಾತ್ರ ನಿಲ್ತಿಲ್ಲ. ಒಂದ್ಸಲ ಬಂದು ಹಿಡ್ಕೊಡಿ" ಅಂದರು. ಆಗಲೇ ಎರಡು ತಿಂಗಳಿಂದ ಅವನ ಸಂಬಳದಲ್ಲಿ ಎರಡೆರಡು ಸಾವಿರ ಹಿಡಿದಿದ್ದರು.

ನಾನು ಮೈಸೂರಿನಲ್ಲಿದ್ದುಕೊಂಡು ಬಾರ್‌ಗಳ ಸ್ಟಾಕ್ ಲೆಕ್ಕ ನೋಡುವವನು. ಇಂಥ ಫೋನ್ ಬಂದಾಗ ಹುಡುಗನ ಮುಖ ನೋಡುವುದಕ್ಕೆ ಹೋಗುವುದಿಲ್ಲ. ಮೊದಲು ಬಾಟಲ್ ನೋಡುತ್ತೇನೆ.

ಅವರ ಬಾರ್‌ನಲ್ಲಿ ಕ್ವಾರ್ಟರ್, ನೈಂಟಿ, ಬಿಯರ್ ಎಲ್ಲ ಸೀಲ್ ಇದ್ದ ಹಾಗೇ ಟೇಬಲ್‌ಗೆ ಹೋಗುತ್ತವೆ. ಅಲ್ಲಿ ಲೆಕ್ಕ ತಪ್ಪಿದರೆ ಇಡೀ ಬಾಟಲ್ಲೇ ಕಮ್ಮಿ ಬರುತ್ತದೆ, ಎಣಿಸಿದ ತಕ್ಷಣ ಗೊತ್ತಾಗುತ್ತದೆ. ಕಣ್ಣಿಗೆ ಕಾಣದೆ ಹಣ ಹೋಗುವುದು ಲೂಸ್‌ನಲ್ಲಿ, ಅಂದರೆ 750 ಎಂಎಲ್ ಫುಲ್ ಬಾಟಲ್ ಬಿಚ್ಚಿ ಪೆಗ್ ಲೆಕ್ಕದಲ್ಲಿ ಕೊಡುವಾಗ. ಹಾಗಾಗಿ ಜಾಸ್ತಿ ಲೂಸ್ ಹೋಗುವ ಒಂದು ವಿಸ್ಕಿಯನ್ನು ಮಾತ್ರ ಹಿಡಿದುಕೊಂಡೆ. ಎಲ್ಲ ಬ್ರ್ಯಾಂಡನ್ನೂ ಒಂದೇ ದಿನ ಕೆದಕಿದರೆ ಏನೂ ಕಾಣುವುದಿಲ್ಲ.

ಲೆಕ್ಕ ಸುಲಭವಾಗಲಿ ಅಂತ ದರವನ್ನು ಇಲ್ಲಿ ದುಂಡಗೆ ಮಾಡಿಕೊಂಡಿದ್ದೇನೆ. ಡಿಪೋದಿಂದ ಬಂದ ಬಾಟಲ್‌ಗೆ 1,500 ರೂಪಾಯಿ ಅಂದುಕೊಳ್ಳಿ. ಅದರಲ್ಲಿ 30 ಎಂಎಲ್‌ನ 25 ಸ್ಮಾಲ್ ಪೆಗ್ ಸಿಗುತ್ತವೆ. ಒಂದು ಸ್ಮಾಲ್ ನಮಗೆ ಬೀಳುವುದು 60 ರೂಪಾಯಿಗೆ. ಮೆನುವಿನಲ್ಲಿ 150. ಅರವತ್ತನ್ನು ನೂರೈವತ್ತರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 40. ಇದೇ ಪೋರ್ ಕಾಸ್ಟ್. ಒಂದು ಹನಿಯೂ ಆಚೆ ಹೋಗದಿದ್ದರೆ ಬರಬೇಕಾದ ಪೋರ್ ಕಾಸ್ಟ್ ಇದು. ನಿಜವಾಗಿ ಎಷ್ಟು ಬಂತು ಅನ್ನುವುದನ್ನು ಎಣಿಕೆಯೇ ಹೇಳಬೇಕು.

ಎಣಿಕೆಯನ್ನು ಸೋಮವಾರ ಬೆಳಿಗ್ಗೆ, ಶಟರ್ ಎತ್ತುವ ಮೊದಲೇ ಮಾಡಿದೆವು. ಒಬ್ಬರು ಓದಬೇಕು, ಇನ್ನೊಬ್ಬರು ಬರೆಯಬೇಕು. ಓದುವವನು ಅದೇ ಕೌಂಟರ್ ಹುಡುಗನೇ ಆಗಿದ್ದ. ಅವನನ್ನು ಹೊರಗಿಟ್ಟು ಎಣಿಸಿದರೆ ಆ ಲೆಕ್ಕವನ್ನು ಅವನು ಯಾಕೆ ನಂಬಬೇಕು, ಅಲ್ವಾ? ಗೋಡೌನ್‌ನ ಸೀಲ್ ಬಾಟಲ್ ಮೊದಲು, ಆಮೇಲೆ ಕೌಂಟರ್ ಶೆಲ್ಫ್, ಕೊನೆಗೆ ಬಿಚ್ಚಿದ ಬಾಟಲ್. ಪ್ರತಿ ವಾರವೂ ಇದೇ ಕ್ರಮ. ಎಣಿಕೆ ನಡೆಯುವಾಗ ಡಿಪೋ ಗಾಡಿ ಬಂದರೆ ಆ ಮಾಲನ್ನು ಬೇರೆಯೇ ಇಡಿಸಬೇಕು. ಮಾಲು ಎಣಿಕೆಯಲ್ಲಿ ಸೇರಿ ಬಿಲ್ ಮುಂದಿನ ವಾರಕ್ಕೆ ಹೋದರೆ, ಈ ವಾರ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ, ಮುಂದಿನ ವಾರ ದೊಡ್ಡ ಕಳ್ಳತನ ಆದ ಹಾಗೆ ಕಾಣುತ್ತದೆ.

ಬಿಚ್ಚಿದ ಬಾಟಲನ್ನು ಎಷ್ಟೋ ಜನ ಕಣ್ಣಂದಾಜಿನಲ್ಲಿ ಹತ್ತು ಭಾಗ ಮಾಡಿ 'ಪಾಯಿಂಟ್ ನಾಲ್ಕು' ಅಂತ ಬರೆಯುತ್ತಾರೆ. ಒಂದು ಭಾಗ ಅಂದರೆ 75 ಎಂಎಲ್. ಅರ್ಧ ಭಾಗ ಆಚೀಚೆ ಆದರೂ ಒಂದು ಸ್ಮಾಲ್‌ಗಿಂತ ಜಾಸ್ತಿ ತಪ್ಪುತ್ತದೆ. ಅಡುಗೆಮನೆಯಲ್ಲಿ ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ ಇದ್ದರೆ ಅದೇ ಸಾಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ. 42.8. ನೀರಿಗಿಂತ ಹಗುರ. ಒಂದು ಎಂಎಲ್ ಸುಮಾರು 0.944 ಗ್ರಾಂ ತೂಗುತ್ತದೆ. ಈ ವಿಸ್ಕಿಯ ಖಾಲಿ ಬಾಟಲ್ 482 ಗ್ರಾಂ ಇತ್ತು. ಬಿಚ್ಚಿದ್ದು 765 ಗ್ರಾಂ ತೂಗಿತು. ಉಳಿದ 283 ಗ್ರಾಂ ಅನ್ನು 0.944ರಿಂದ ಭಾಗಿಸಿದರೆ 300 ಎಂಎಲ್, ಅಂದರೆ ಸರಿಯಾಗಿ ಹತ್ತು ಸ್ಮಾಲ್. ಗಾಜಿನ ತೂಕ ಲಾಟ್‌ನಿಂದ ಲಾಟ್‌ಗೆ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಐದಾರು ಖಾಲಿ ಬಾಟಲ್ ತೂಗಿ ಸರಾಸರಿ ಇಟ್ಟುಕೊಳ್ಳಿ. ಸಕ್ಕರೆ ಇರುವ ಲಿಕರ್‌ಗಳಿಗೆ ಈ 0.944 ನಡೆಯುವುದಿಲ್ಲ, ಅವು ಭಾರ.

ಮೊದಲ ವಾರದ ಲೆಕ್ಕ ಹೀಗಿತ್ತು. ಹಿಂದಿನ ಸೋಮವಾರ ಇದ್ದದ್ದು 8.4 ಬಾಟಲ್. ನಡುವೆ ಬಂದದ್ದು ಒಂದು ಕೇಸ್, 12 ಬಾಟಲ್. ಈ ಸೋಮವಾರ ಉಳಿದದ್ದು 6.2. ಖರ್ಚಾದದ್ದು 14.2 ಬಾಟಲ್, ಅಂದರೆ 355 ಸ್ಮಾಲ್. ಬಿಲ್ ಆದದ್ದು 322. ಅಂದರೆ 33 ಸ್ಮಾಲ್ ಲೆಕ್ಕಕ್ಕೆ ಸಿಗಲಿಲ್ಲ. ಖರ್ಚಾದ ಮಾಲು 21,300 ರೂಪಾಯಿಯದು, ವ್ಯಾಪಾರ 48,300. ಪೋರ್ ಕಾಸ್ಟ್ ಶೇ. 44 ದಾಟಿತ್ತು.

"ನೋಡಿದ್ರಾ ಸಾರ್, ನಾ ಹೇಳ್ಲಿಲ್ವಾ?" ಅಂದರು ಓನರ್.

ನಾನು ಒಪ್ಪಲಿಲ್ಲ. 33 ಸ್ಮಾಲ್ ಹೋಗಿದೆ ಅನ್ನುವುದಷ್ಟೇ ಗೊತ್ತಾಗಿದೆ, ಎಲ್ಲಿಗೆ ಹೋಯಿತು ಅನ್ನುವುದು ಇನ್ನೂ ಗೊತ್ತಿಲ್ಲ. ಗ್ಲಾಸ್ ಉರುಳಿದ್ದು, ತಪ್ಪು ಬ್ರ್ಯಾಂಡ್ ಹಾಕಿ ವಾಪಸ್ ಬಂದದ್ದು, ಬಾಟಲ್ ಒಡೆದದ್ದು ಯಾವುದನ್ನೂ ಅಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಒಂದು ನೂರು ಪುಟದ ನೋಟ್‌ಬುಕ್ಕಿಗೆ ದಾರ ಕಟ್ಟಿ ಕೌಂಟರ್‌ನ ಮೊಳೆಗೆ ನೇತುಹಾಕಿಸಿದೆ. ಹೊತ್ತು, ಬ್ರ್ಯಾಂಡ್, ಎಷ್ಟು ಎಂಎಲ್, ಏನಾಯಿತು, ಯಾರ ಕೈಲಿ. ಇಷ್ಟೇ ಬರೆಯಬೇಕು. ಚೆಲ್ಲಿದ ತಕ್ಷಣ ಬರೆಯಬೇಕು, ರಾತ್ರಿ ನೆನಪು ಮಾಡಿಕೊಂಡು ಅಲ್ಲ.

ಆಮೇಲೆ ಓನರ್ ಹತ್ತಿರ ಒಂದು ಮಾತು ತೆಗೆದುಕೊಂಡೆ. ಈ ಪುಸ್ತಕದಲ್ಲಿ ಬರೆದದ್ದಕ್ಕೆ ಯಾರ ಸಂಬಳದಲ್ಲೂ ಒಂದು ಪೈಸೆ ಹಿಡಿಯಬಾರದು. ಅವರಿಗೆ ಇದು ಇಷ್ಟವಾಗಲಿಲ್ಲ. ಆದರೆ ಚೆಲ್ಲಿದ್ದಕ್ಕೆ ದುಡ್ಡು ಹಿಡಿದರೆ ಹುಡುಗರು ಬರೆಯುವುದನ್ನೇ ಬಿಡುತ್ತಾರೆ. ಆ ನಷ್ಟವನ್ನು ಮುಂದಿನ ಗಿರಾಕಿಯ ಪೆಗ್‌ನಲ್ಲಿ ಕಮ್ಮಿ ಹಾಕಿ ತುಂಬಿಸಿಕೊಳ್ಳುತ್ತಾರೆ. ಆಗ ನಮ್ಮ ಲೆಕ್ಕವೂ ಸುಳ್ಳು, ಗಿರಾಕಿಗೂ ಮೋಸ. ನಾನು ನೋಡಿದ ಬಾರ್‌ಗಳಲ್ಲಿ ಪುಸ್ತಕ ಖಾಲಿ ಇದ್ದರೆ ಅಲ್ಲಿ ಏನೂ ಚೆಲ್ಲುತ್ತಿಲ್ಲ ಅಂತಲ್ಲ, ಹುಡುಗರು ಹೆದರಿದ್ದಾರೆ ಅಂತ.

ಎರಡನೇ ವಾರ 31 ಸ್ಮಾಲ್ ಕಮ್ಮಿ ಬಂತು. ಪುಸ್ತಕದಲ್ಲಿ 6 ಇತ್ತು: ತಪ್ಪು ಬ್ರ್ಯಾಂಡ್ ಹಾಕಿದ 60 ಎಂಎಲ್‌ನ ಎರಡು ಲಾರ್ಜ್, ಶನಿವಾರ ರಾತ್ರಿ ಟ್ರೇಯಿಂದ ಬಿದ್ದ ಒಂದು ಲಾರ್ಜ್. ಉಳಿದದ್ದು 25 ಸ್ಮಾಲ್, ಅಂದರೆ 750 ಎಂಎಲ್. ಸರಿಯಾಗಿ ಒಂದು ಬಾಟಲ್. ಕದ್ದವನು ಒಂದು ಬಾಟಲ್ ಎತ್ತಿಕೊಂಡು ಹೋದ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಅಂತ ಓನರ್ ಕೇಳಿದರು.

ನಾನು ದಿನದ ಬಿಲ್‌ಗಳನ್ನು ಹರಡಿಕೊಂಡು ಕೂತೆ. ಕದಿಯುವವನು ದಿನ ನೋಡಿ, ಶಿಫ್ಟ್ ನೋಡಿ ಕದಿಯುತ್ತಾನೆ. ಹಾಗಾಗಿ ಎಣಿಕೆಯನ್ನು ಮೂರು ದಿನ ದಿನಾಲೂ ಮಾಡಿಸಿದೆ. ಮಾರಾಟ ಜಾಸ್ತಿ ಆದ ದಿನ ಕೊರತೆ ಜಾಸ್ತಿ, ಮಂಗಳವಾರದಂಥ ಖಾಲಿ ದಿನ ಕಮ್ಮಿ. ಎರಡೂ ಶಿಫ್ಟಿನಲ್ಲಿ ಅದೇ ಅಳತೆ. ಇನ್ನೆರಡು ಲೂಸ್ ಬ್ರ್ಯಾಂಡ್ ನೋಡಿದರೂ ಹಾಗೇ. ಕೊರತೆ ಹೀಗೆ ಮಾರಾಟದ ಜೊತೆಗೇ ಏರಿ ಇಳಿದರೆ, ಪ್ರತಿ ಪೆಗ್‌ನಲ್ಲೂ ಒಂದಿಷ್ಟು ಜಾಸ್ತಿ ಹೋಗುತ್ತಿದೆ ಅಂತಲೇ ಅರ್ಥ. ಆ ವಾರ ಮಾರಿದ್ದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಲಾರ್ಜ್, ಸುಮಾರು 150. ಕಾಣೆಯಾದ 750 ಎಂಎಲ್ ಅನ್ನು 150ಕ್ಕೆ ಹಂಚಿ. ಒಂದು ಲಾರ್ಜ್‌ಗೆ 5 ಎಂಎಲ್.

ಹುಡುಗನನ್ನು ಕರೆದು, ಖಾಲಿ ಬಾಟಲ್‌ಗೆ ನೀರು ತುಂಬಿ, "ರಶ್ ಇದ್ದಾಗ ಹೆಂಗೆ ಹಾಕ್ತೀಯೋ ಹಂಗೇ ಹತ್ತು ಲಾರ್ಜ್ ಹಾಕಪ್ಪ" ಅಂದೆ. ಹಾಕಿದ. ಎಲ್ಲವನ್ನೂ ಅಳತೆ ಜಾರ್‌ಗೆ ಸುರಿದೆವು. 600 ಬರಬೇಕು. 648 ಬಂತು. ಓನರ್ ಜಾರ್ ಹತ್ತಿರ ಬಗ್ಗಿ ಎರಡು ಸಲ ಓದಿದರು.

ಅವನ ಕೈಲಿದ್ದ ಮೆಷರ್ ಯಾವುದೋ ಪ್ರಚಾರದಲ್ಲಿ ಸುಮ್ನೆ ಸಿಕ್ಕ ಹೊಳೆಯುವ ಸ್ಟೀಲಿನದು. ಮೇಲೆ 60 ಅಂತ ಕೊರೆದಿತ್ತು. ಅಂಚಿನವರೆಗೆ ತುಂಬಿದರೆ 64ರ ಮೇಲೆ ಹಿಡಿಯುತ್ತಿತ್ತು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದ್ದ ಹಳೇ ಮೆಷರ್ ಡ್ರಾಯರ್‌ನಲ್ಲಿ ಬಿದ್ದಿತ್ತು. ಅದರಲ್ಲಿ ಹತ್ತು ಹಾಕಿಸಿದಾಗ 601 ಬಂತು. ಮುದ್ರೆ ಇಲ್ಲದ ಮೆಷರ್ ಬಳಸುವುದೇ ತಪ್ಪು, ಅದು ಜಾಸ್ತಿ ಹಿಡಿದರೂ ಅಷ್ಟೇ, ಕಮ್ಮಿ ಹಿಡಿದರೂ ಅಷ್ಟೇ.

ಹುಡುಗ ಒಂದು ಮಾತೂ ಆಡಲಿಲ್ಲ. ಮೆಷರನ್ನು ಒರೆಸಿ ಟೇಬಲ್ ಮೇಲಿಟ್ಟ. ಹಿಡಿದಿದ್ದ ನಾಲ್ಕು ಸಾವಿರವನ್ನು ಓನರ್ ಮುಂದಿನ ಸಂಬಳದ ಜೊತೆ ವಾಪಸ್ ಕೊಟ್ಟರು. ಅವತ್ತೇ ಕೊಡಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಮೂರನೇ ವಾರ, ಮುದ್ರೆಯ ಮೆಷರ್ ಬಂದ ಮೇಲೆ, ಕಮ್ಮಿ ಬಂದದ್ದು 7 ಸ್ಮಾಲ್. ಪುಸ್ತಕದಲ್ಲಿ 5. ಉಳಿದ ಎರಡನ್ನು ನಾನು ಹುಡುಕಲು ಹೋಗಲಿಲ್ಲ. ತಕ್ಕಡಿ, ಗಾಜಿನ ತೂಕ, ಬಾಟಲ್ ತಳದ ಹನಿ ಎಲ್ಲ ಸೇರಿ ಅಷ್ಟು ಆಚೀಚೆ ಆಗೇ ಆಗುತ್ತದೆ. ಅದರ ಹಿಂದೆ ಬಿದ್ದರೆ ಮನುಷ್ಯರ ಮೇಲೆ ಅನುಮಾನ ಬೆಳೆಯುವುದು ಬಿಟ್ಟು ಬೇರೇನೂ ಆಗದು.

ಈ ಲೆಕ್ಕವನ್ನು ಶೇಕಡಾದಲ್ಲಿ ಮಾತ್ರ ಇಟ್ಟುಕೊಂಡವರು ಎಡವುವುದನ್ನು ನೋಡಿದ್ದೇನೆ. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಏರಿಸಿತು. ಖರೀದಿ ದರ ಏರಿತು, ಎಷ್ಟೋ ಬಾರ್‌ಗಳಲ್ಲಿ ಮೆನು ಬದಲಾಗುವುದಕ್ಕೆ ವಾರಗಳೇ ಹಿಡಿದವು. ಒಂದು ಹನಿಯೂ ಚೆಲ್ಲದೆ ಪೋರ್ ಕಾಸ್ಟ್ ಏರಿತು. ದಸರಾ ಸಮಯದಲ್ಲಿ ಮೈಸೂರಿನ ಬಾರ್‌ಗಳಲ್ಲಿ ಬಿಯರ್ ಜಾಸ್ತಿ ಹೋದಾಗಲೂ ಹಾಗೇ, ಬಿಯರ್‌ನಲ್ಲಿ ಲಾಭ ಕಮ್ಮಿ. ಇಂಥ ಹೊತ್ತಲ್ಲಿ ಎಂಎಲ್ ಲೆಕ್ಕ ನೋಡಿದರೆ ಕೌಂಟರ್‌ನಲ್ಲಿ ತಪ್ಪಿಲ್ಲ ಅಂತ ಗೊತ್ತಾಗುತ್ತದೆ. ಒಂದು ಬ್ರ್ಯಾಂಡ್ ಆರು ಸ್ಮಾಲ್ ಕಮ್ಮಿ ಬಂದು ಪಕ್ಕದ ಬ್ರ್ಯಾಂಡ್ ಆರು ಜಾಸ್ತಿ ಬಂದರೆ, ಬಿಲ್ಲಿಂಗ್‌ನಲ್ಲಿ ಬಟನ್ ತಪ್ಪಿ ಒತ್ತಿರಬಹುದು, ಇಲ್ಲವೇ ಒಂದರ ಬದಲು ಇನ್ನೊಂದನ್ನು ಹಾಕಿರಬಹುದು. ಶೇಕಡಾ ಇದನ್ನು ತೋರಿಸುವುದೇ ಇಲ್ಲ.

ಎಂಎಲ್ ಲೆಕ್ಕಕ್ಕೂ ಸಿಗದ ಒಂದು ಮೋಸ ಇದೆ. ಯಾರಾದರೂ ಹೊರಗಿನ ಅಂಗಡಿಯಿಂದ ಬಾಟಲ್ ತಂದು, ಅದರಲ್ಲೇ ಪೆಗ್ ಹಾಕಿ, ಬಿಲ್ ಇಲ್ಲದೆ ದುಡ್ಡು ಇಟ್ಟುಕೊಂಡರೆ ನಮ್ಮ ಸ್ಟಾಕ್ ಒಂದು ಎಂಎಲ್ ಕೂಡ ಕಮ್ಮಿ ಬರುವುದಿಲ್ಲ. ಪೋರ್ ಕಾಸ್ಟ್ ಕೂಡ ನೆಟ್ಟಗೇ ಇರುತ್ತದೆ. ಇದಕ್ಕೆ ನಾನು ಹೇಳುವುದು ಖಾಲಿ ಬಾಟಲ್ ಎಣಿಕೆ. ಗೋಡೌನ್‌ನಿಂದ ಕೌಂಟರ್‌ಗೆ ಬರುವ ಪ್ರತಿ ಫುಲ್ ಬಾಟಲ್ ತಳಕ್ಕೆ ನಮ್ಮದೇ ಒಂದು ಚಿಕ್ಕ ಸ್ಟಿಕರ್ ಅಂಟಿಸಿ, ಅದರ ಮೇಲೆ ತಾರೀಖು ಬರೆಯಿರಿ. ಖಾಲಿ ಕೊಡದೆ ಹೊಸದು ಕೊಡಬೇಡಿ. ಮಂಡ್ಯದ ಆ ಬಾರ್‌ನಲ್ಲಿ ಈಗ ಸೋಮವಾರದ ಎಣಿಕೆ ಮುಗಿದ ಮೇಲೆ ಗುಜರಿಯವನಿಗೆ ಕೊಡುವ ಖಾಲಿ ಬಾಟಲ್‌ಗಳನ್ನು ಅದೇ ಹುಡುಗ ಒಂದೊಂದಾಗಿ ತಿರುಗಿಸಿ, ತಳ ನೋಡಿ, ಆಮೇಲೆ ಚೀಲಕ್ಕೆ ಹಾಕುತ್ತಾನೆ.