‘ಸಮಾಧಾನ ಮಾಡ್ಕೊಳ್ಳಿ ಸಾರ್’ ಅನ್ನೋದನ್ನ ಬಿಡಿ

ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರ್‌ನವರಿಗೆ ಮಾತಿನ ತರಬೇತಿ ಕೊಡುವುದು ನನ್ನ ಕೆಲಸ. ಎಷ್ಟು ಹೇಳಿದರೂ ಒಂದು ತಪ್ಪು ಮಾತ್ರ ಹೋಗುವುದಿಲ್ಲ. ಎದುರಿಗಿರುವವರು ಕೂಗಾಡಲು ಶುರು ಮಾಡಿದ ತಕ್ಷಣ ನಮ್ಮವರು ಪಿಸುದನಿಗೆ ಇಳಿದು, ‘ಸಮಾಧಾನ ಮಾಡ್ಕೊಳ್ಳಿ ಸಾರ್’ ಅನ್ನುತ್ತಾರೆ. ‘ನೀವೇ ಅಲ್ವಾ ಮೇಡಂ ದನಿ ತಗ್ಗಿಸಿ ಅಂದಿದ್ದು?’ ಅಂತ ನನ್ನನ್ನೇ ಕೇಳುತ್ತಾರೆ!

ತಗ್ಗಿಸಿ ಅಂದಿದ್ದು ನಿಜ. ಆದರೆ ಮೆಟ್ಟಿಲು ಇಳಿದ ಹಾಗೆ ಇಳಿಸಬೇಕು. ಸಿಟ್ಟಾದವರಿಗೆ ಮೊದಲು ಬೇಕಾಗಿರುವುದು ತಮ್ಮ ಮಾತು ಇವರ ಕಿವಿಗೆ ಬಿತ್ತು ಅನ್ನುವ ಖಾತ್ರಿ. ಒಮ್ಮೆಲೇ ತಣ್ಣಗೆ ಮಾತಾಡಿದರೆ, ಇವರಿಗೆ ನಮ್ಮ ಕಷ್ಟ ಏನೂ ಅಲ್ಲ ಅನ್ನಿಸುತ್ತದೆ. ದನಿ ಇನ್ನೂ ಏರುತ್ತದೆ. ಅದಕ್ಕೇ ಮೊದಲ ವಾಕ್ಯ ಅವರಿಗಿಂತ ಸ್ವಲ್ಪ ಕೆಳಗೆ, ಆದರೆ ಗಟ್ಟಿಯಾಗಿರಲಿ. ಎರಡನೆಯದು ಇನ್ನಷ್ಟು ಕೆಳಗೆ, ನಿಧಾನವಾಗಿ.

ನಾವು ಅಭ್ಯಾಸ ಮಾಡಿಸುವ ಒಂದು ಪ್ರಸಂಗ ನೋಡಿ. ಒಬ್ಬರ ಅಮ್ಮನಿಗೆ ಡಾಕ್ಟರ್ ಡಿಸ್ಚಾರ್ಜ್ ಬರೆದದ್ದು ಬೆಳಿಗ್ಗೆ 10ಕ್ಕೆ. ಈಗ ಮಧ್ಯಾಹ್ನ 3. ಇನ್ಶೂರೆನ್ಸ್ ಅಪ್ರೂವಲ್ ಇನ್ನೂ ಬಂದಿಲ್ಲ. ‘ಬೆಳಿಗ್ಗೆಯಿಂದ ನಾವೇನ್ ಇಲ್ಲಿ ಕತ್ತೆ ಕಾಯ್ತಾ ಇದ್ದೀವಾ?’ ಅಂತ ಮಗ ಕೌಂಟರ್ ಗುದ್ದುತ್ತಾನೆ.

ಆಗ ಕೌಂಟರ್‌ನಲ್ಲಿರುವ ನೀವು ಹೀಗನ್ನಿ: ‘ಹತ್ತಕ್ಕೇ ಡಿಸ್ಚಾರ್ಜ್ ಅಂದ್ರು, ಈಗ ಮೂರು ಗಂಟೆ!’ ಇದು ಗಟ್ಟಿಯಾಗಿ. ಆಮೇಲೆ ಸುಮ್ಮನಿರಿ. ಅವರು ಮತ್ತೆ ಕೂಗಿದರೂ ಕೇಳಿಸಿಕೊಳ್ಳಿ. ‘ಅಮ್ಮನೂ ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ.’ ಇದು ಸ್ವಲ್ಪ ತಗ್ಗಿಸಿ. ‘ಅವರದು ಊಟ ಆಯ್ತಾ?’ ಇದು ಮಾಮೂಲಿ ದನಿಯಲ್ಲಿ. ‘ಇಲ್ಲ ರೀ, ಶುಗರ್ ಬೇರೆ ಇದೆ’ ಅನ್ನುವಾಗ ಆತನ ದನಿಯೂ ಸಾಮಾನ್ಯವಾಗಿ ಇಳಿದಿರುತ್ತದೆ.

‘ನಿಮ್ಮ ಕಷ್ಟ ಅರ್ಥವಾಗುತ್ತೆ’ ಅಂದಿದ್ದರೆ ಇದು ಆಗುತ್ತಿರಲಿಲ್ಲ. ಅದು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ಹತ್ತು ಗಂಟೆ, ಅಮ್ಮ, ಊಟ ಇವು ಆತನವೇ. ಇಷ್ಟು ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುವುದಿಲ್ಲ, ಹೆದರಬೇಡಿ. ಆದರೆ ಅದರ ಬೆನ್ನಿಗೇ ‘ಆದರೆ ಸಾರ್, ರೂಲ್ಸ್ ಪ್ರಕಾರ...’ ಅಂದರೆ ಮಾಡಿದ್ದೆಲ್ಲ ನೀರುಪಾಲು.

ಕಾರಣ ಹೇಳಲು ಸಮಯ ಬಂತು ಅಂತ ಹೇಗೆ ಗೊತ್ತಾಗುತ್ತೆ? ಬೈಯುವುದು ನಿಂತು ಪ್ರಶ್ನೆ ಬರುತ್ತದೆ. ‘ಈಗೇನ್ ಮಾಡೋದು ಹಾಗಾದ್ರೆ?’ ಅಂತ ಕೇಳಿದ ಮೇಲೆ ಅಪ್ರೂವಲ್ ಎಲ್ಲಿ ನಿಂತಿದೆ ಅಂತ ಹೇಳಿ. ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ವಿಮಾ ಕಂಪನಿ ಉತ್ತರ ಕೊಡಬೇಕು ಅಂತ 2024ರಿಂದ ನಿಯಮವಿದೆ. ನಾವು ಬಿಲ್ ಕಳಿಸಿದ್ದು ಎಷ್ಟು ಹೊತ್ತಿಗೆ ಅನ್ನುವುದನ್ನೂ ಮುಚ್ಚಿಡಬೇಡಿ. ‘ಐದು ನಿಮಿಷ’ ಅನ್ನಲೇಬೇಡಿ. ‘ಮೂರೂವರೆಗೆ ನಾನೇ ವಾರ್ಡಿಗೆ ಬಂದು ಹೇಳ್ತೀನಿ’ ಅನ್ನಿ, ಅಪ್ರೂವಲ್ ಬರದಿದ್ದರೂ ಹೋಗಿ.

ಕುಡಿದು ಬಂದವರ ಮೇಲೆ, ಕೈ ಎತ್ತಿದವರ ಮೇಲೆ ಇದನ್ನೆಲ್ಲ ಪ್ರಯೋಗ ಮಾಡಬೇಡಿ. ಅಲ್ಲಿ ಹಿಂದೆ ಸರಿದು ಸೆಕ್ಯೂರಿಟಿ ಕರೆಯಿರಿ.