ಸ್ಟೇಟ್‌ಮೆಂಟಿನಲ್ಲಿ ಕಾಣದ ಎರಡು ಪರ್ಸೆಂಟ್

ಬದಿಯಡ್ಕದ ಹತ್ತಿರದ ಒಬ್ಬರು ಕಳೆದ ತಿಂಗಳು ಕಾಸರಗೋಡಿನ ನನ್ನ ಆಫೀಸಿಗೆ ಬಂದಿದ್ದರು. ವಯಸ್ಸು ಮೂವತ್ತು. ಪೇಟೆಯಲ್ಲಿ ಸಣ್ಣ ಅಂಗಡಿ, ಮನೆಯಲ್ಲಿ ಅಡಿಕೆ ತೋಟ. ಅರವತ್ತಕ್ಕೆ ಕೈಗೆ ಬರಲಿ ಎಂದು ಮ್ಯೂಚುವಲ್ ಫಂಡಿನ ಒಂದು ನಿವೃತ್ತಿ ಫಂಡಿಗೆ ತಿಂಗಳಿಗೆ 5,000 ರೂಪಾಯಿ ಕಟ್ಟಲು ಶುರು ಮಾಡಿದ್ದರು. "ಶುಲ್ಕ ಎರಡು ಪರ್ಸೆಂಟ್ ಅಂತೆ ಸರ್. ಅದೇನು ದೊಡ್ಡದಲ್ಲ ಅಲ್ವಾ?" ಎಂದು ಕೇಳಿದರು.

ಅಡಿಕೆ ಮಾರುವಾಗ ಕಿಲೋಗೆ ಎರಡು ರೂಪಾಯಿಗೂ ಚೌಕಾಸಿ ಮಾಡುವ ಮನುಷ್ಯ ಇವರು. ಇಲ್ಲಿ ಸುಮ್ಮನಿದ್ದದ್ದಕ್ಕೆ ಕಾರಣ ಇದೆ. ಈ ಶುಲ್ಕ ಎಲ್ಲಿಯೂ ಕಣ್ಣಿಗೆ ಬೀಳುವುದಿಲ್ಲ. ಫಂಡಿನವರು ಬಿಲ್ ಕಳಿಸುವುದಿಲ್ಲ. ವರ್ಷದ ಶುಲ್ಕವನ್ನು ದಿನದ ಲೆಕ್ಕಕ್ಕೆ ಹಂಚಿ, ಪ್ರತಿದಿನ ಫಂಡಿನ ಒಟ್ಟು ಹಣದಿಂದ ತೆಗೆದು, ಉಳಿದದ್ದರ ಮೇಲೆ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಪ್ರಕಟಿಸುತ್ತಾರೆ. ಹತ್ತು ಲಕ್ಷ ಇದ್ದರೆ ದಿನಕ್ಕೆ ಸುಮಾರು 55 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ನಾವು ನೋಡುವುದು ಕಡಿತ ಆದ ಮೇಲಿನ ಬೆಲೆಯನ್ನೇ.

ಅವರ ಎದುರೇ ಲೆಕ್ಕ ಹಾಕಿದೆ. ಸುಲಭವಾಗಲಿ ಎಂದು ವರ್ಷಕ್ಕೆ 60,000 ರೂಪಾಯಿಯನ್ನು ವರ್ಷದ ಕೊನೆಗೆ ಕಟ್ಟಿದಂತೆ ಇಟ್ಟುಕೊಂಡೆ. ಶುಲ್ಕಕ್ಕೆ ಮೊದಲು ಬೆಳವಣಿಗೆ ವರ್ಷಕ್ಕೆ ಶೇ. 10 ಎಂದು ಊಹಿಸಿದೆ. ಅಷ್ಟು ಬಂದೇ ಬರುತ್ತದೆ ಎಂದೇನಲ್ಲ. ಮೂವತ್ತು ವರ್ಷಕ್ಕೆ ಕೈಯಿಂದ ಹೋಗುವುದು 18 ಲಕ್ಷ. ಶುಲ್ಕವೇ ಇಲ್ಲದಿದ್ದರೆ ಅದು 98.7 ಲಕ್ಷ ಆಗುತ್ತದೆ. ಶೇ. 2 ಶುಲ್ಕ ಹೋಗಿ ಬೆಳವಣಿಗೆ ಶೇ. 8ಕ್ಕೆ ಇಳಿದರೆ 68 ಲಕ್ಷ. ಕಡಿಮೆಯಾದದ್ದು 30.7 ಲಕ್ಷ, ಅವರು ಜೀವಮಾನದಲ್ಲಿ ಕಟ್ಟುವ ಹಣಕ್ಕಿಂತ ಜಾಸ್ತಿ!

"ಇಷ್ಟನ್ನೂ ಅವರೇ ತೆಗೆದುಕೊಳ್ಳುತ್ತಾರಾ?" ಎಂದರು. ಇಲ್ಲ. ಶುಲ್ಕ ಅಂತ ನಿಜಕ್ಕೂ ಹೋಗುವುದು ಒಟ್ಟು 12.5 ಲಕ್ಷದ ಹತ್ತಿರ. ಉಳಿದ 18 ಲಕ್ಷ ಯಾರ ಕೈಗೂ ಸೇರಲಿಲ್ಲ. ಆ ಶುಲ್ಕದ ಹಣ ಫಂಡಿನಲ್ಲೇ ಉಳಿದಿದ್ದರೆ ದುಡಿಯುತ್ತಿದ್ದ ಹಣ ಅದು. ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಗೊನೆಯಲ್ಲಿ ಪಾಲು ಕೊಟ್ಟರೆ ಆ ವರ್ಷದ ಫಸಲು ಮಾತ್ರ ಹೋಗುತ್ತದೆ. ಸಸಿಯನ್ನೇ ಕಿತ್ತು ಕೊಟ್ಟರೆ ಅದು ಮುಂದೆ ಬಿಡುವ ಎಲ್ಲ ಗೊನೆಗಳೂ ಹೋದ ಹಾಗೆ.

ಇನ್ನೊಂದು ವಿಷಯ. ಶುಲ್ಕ ಬೀಳುವುದು ಲಾಭದ ಮೇಲಲ್ಲ, ಇರುವ ಪೂರ್ತಿ ಹಣದ ಮೇಲೆ. ಮಾರುಕಟ್ಟೆ ಬಿದ್ದ ವರ್ಷವೂ ಅದು ಹೋಗುತ್ತದೆ. ಗಂಟು ದೊಡ್ಡದಾದಂತೆ ಶುಲ್ಕವೂ ದೊಡ್ಡದಾಗುತ್ತದೆ. ಇವರ ಲೆಕ್ಕದಲ್ಲಿ 22ನೇ ವರ್ಷಕ್ಕೆ ಶುಲ್ಕವೇ 60,000 ದಾಟುತ್ತದೆ, ಅಂದರೆ ಆ ವರ್ಷ ಕಟ್ಟಿದ್ದಕ್ಕಿಂತ ಹೆಚ್ಚು. ಕೊನೆಯ ವರ್ಷ 1.25 ಲಕ್ಷ. ಅಷ್ಟರಲ್ಲಿ ಪರ್ಸೆಂಟ್ ಒಂದಿಷ್ಟೂ ಏರಿರುವುದಿಲ್ಲ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. 2013ರ ಜನವರಿಯಿಂದ ನಮ್ಮ ದೇಶದಲ್ಲಿ ಒಂದೇ ಫಂಡಿಗೆ ರೆಗ್ಯುಲರ್, ಡೈರೆಕ್ಟ್ ಎಂದು ಎರಡು ಬಗೆ ಇವೆ. ಎರಡರಲ್ಲೂ ಇರುವುದು ಅವೇ ಷೇರುಗಳು, ಅದೇ ಮ್ಯಾನೇಜರ್. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ, ಡೈರೆಕ್ಟ್‌ನಲ್ಲಿ ಇರುವುದಿಲ್ಲ. ಐದು ವರ್ಷದ ಬೆಳವಣಿಗೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಅಂತರ ಕಾಣುತ್ತದೆ. ಇವರ ಫಂಡಿನ ಡೈರೆಕ್ಟ್‌ನಲ್ಲಿ ಶುಲ್ಕ ಶೇ. 1 ಇತ್ತು. ಅದೇ ಲೆಕ್ಕದಲ್ಲಿ ಕೊನೆಗೆ 81.8 ಲಕ್ಷ, ಹದಿನಾಲ್ಕು ಲಕ್ಷದಷ್ಟು ಜಾಸ್ತಿ.

ಸರ್ಕಾರದ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಿ ಹಣ ನಿರ್ವಹಣೆಯ ಶುಲ್ಕ ಇನ್ನೂ ಕಡಿಮೆ. 2021ರ ದರಪಟ್ಟಿಯಲ್ಲಿ ಅತಿ ಹೆಚ್ಚು ಎಂದರೆ ಶೇ. 0.09 ಇತ್ತು. ಖಾತೆಯ ಖರ್ಚು ಬೇರೆ ಇದೆ, ಆದರೆ ಅದೂ ಸಣ್ಣದು. ಹಾಗೆಂದು ಎಲ್ಲರಿಗೂ ಅದನ್ನೇ ಹೇಳುವುದಿಲ್ಲ. ಅಲ್ಲಿ ಹಣ ಬೇಕೆಂದಾಗ ತೆಗೆಯಲು ಆಗುವುದಿಲ್ಲ. ಅರವತ್ತಕ್ಕೆ ಸಾಮಾನ್ಯವಾಗಿ ಒಂದು ಪಾಲನ್ನು ತಿಂಗಳ ಪಿಂಚಣಿಗೆ ಕಟ್ಟಬೇಕು.

ಏಜೆಂಟರ ಬಗ್ಗೆಯೂ ಒಂದು ಮಾತು. ಮಾರುಕಟ್ಟೆ ಕುಸಿದಾಗ ಹೆದರಿ ಹಣ ತೆಗೆಯದಂತೆ ತಡೆಯುವ ಒಳ್ಳೆಯ ಏಜೆಂಟರು ನಮ್ಮಲ್ಲಿದ್ದಾರೆ. ಅಂಥವರಿಗೆ ಒಂದು ಪರ್ಸೆಂಟ್ ಕೊಟ್ಟರೂ ನಷ್ಟವಿಲ್ಲ. ಒಮ್ಮೆ ಸಹಿ ಹಾಕಿಸಿಕೊಂಡು ಮತ್ತೆ ಮುಖ ತೋರಿಸದವರಿಗೆ ಮೂವತ್ತು ವರ್ಷ ಯಾಕೆ ಕೊಡಬೇಕು?

ಬದಲಾಯಿಸುವಾಗ ಅವಸರ ಬೇಡ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋದರೂ ಕಾನೂನಿನ ಕಣ್ಣಿಗೆ ಅದು ಮಾರಿ ಕೊಂಡಂತೆಯೇ. ಲಾಭಕ್ಕೆ ತೆರಿಗೆ ಬರಬಹುದು. ಇವರ ಫಂಡಿಗೆ ಐದು ವರ್ಷ ಹಣ ತೆಗೆಯದಂತೆ ಬೀಗವೂ ಇತ್ತು. ಹಾಗಾಗಿ ಇವರು ಹಳೆಯ ಯೂನಿಟ್‌ಗಳನ್ನು ಮುಟ್ಟಲಿಲ್ಲ. ಮುಂದಿನ ತಿಂಗಳಿಂದ ಕಂತು ಮಾತ್ರ ಡೈರೆಕ್ಟ್‌ಗೆ ಹೋಗುತ್ತದೆ. ಏಜೆಂಟರಿಗೆ ಫೋನ್ ಮಾಡಿ ಹೇಳುವ ಕೆಲಸವನ್ನು ನನ್ನ ತಲೆಗೆ ಕಟ್ಟಲು ನೋಡಿದರು. ನಾನು ಒಪ್ಪಲಿಲ್ಲ.