ಬೆಕ್ಕಿನ ಬಾಯಿ ನಾರಿದರೆ ಮೀನನ್ನು ದೂರಬೇಡಿ

"ಮೀನು ತಿನ್ನೋ ಬಾಯಿ, ನಾರದೆ ಇರುತ್ತಾ?" ಬೆಕ್ಕು ಸಾಕಿದವರು ಹೀಗಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಿಂದದ್ದರ ವಾಸನೆ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ದಿನವೂ ಬರುವ ಕೊಳೆತ ನಾತ ಹೆಚ್ಚಾಗಿ ವಸಡಿನ ಅಡಿಯಿಂದ ಬರುವಂಥದ್ದು.

ಹಲ್ಲಿಗೂ ವಸಡಿಗೂ ನಡುವೆ ಒಂದು ಸಣ್ಣ ಸಂದು ಇದೆ. ಆರೋಗ್ಯವಾಗಿರುವ ಬೆಕ್ಕಿನಲ್ಲಿ ಅದರ ಆಳ 1 ಮಿಲಿಮೀಟರ್ ದಾಟುವುದು ಅಪರೂಪ. ಹಲ್ಲಿನ ಲೋಳೆ ಅಲ್ಲಿಗೆ ಇಳಿದರೆ ವಸಡು ಊದಿಕೊಳ್ಳುತ್ತದೆ, ಸಂದು ಆಳವಾಗುತ್ತಾ ಹೋಗುತ್ತದೆ. ಕಟ್ಟಿಕೊಂಡ ಚರಂಡಿಯ ತಳದ ಕೆಸರಿನ ಹಾಗೆ ಅಲ್ಲಿಗೂ ಗಾಳಿ ಹೋಗುವುದಿಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ಇಂಥ ಜಾಗವೇ ಬೇಕು. ಅವು ಪ್ರೋಟೀನ್ ಒಡೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆ ನಾರುವುದೂ ಇದರಿಂದಲೇ. (ಮೂತ್ರದಂಥ ವಾಸನೆ ಬಂದರೆ ಕಿಡ್ನಿಯನ್ನೂ ಪರೀಕ್ಷಿಸಬೇಕು.)

ನಮ್ಮ ಮನೆಯ ಒಂಬತ್ತು ವರ್ಷದ ಬೆಕ್ಕಿನ ಬಾಯಿ ನಾರುತ್ತಿತ್ತು. ಊಟ ಬಿಟ್ಟಿರಲಿಲ್ಲ, ಹಾಗಾಗಿ ನಾವೂ ಸುಮ್ನಿದ್ದೆವು. ಆಮೇಲೆ ಗಮನಿಸಿದರೆ, ಹಸಿದು ಓಡಿಬಂದು ಬಟ್ಟಲಿಗೆ ಬಾಯಿ ಹಾಕುತ್ತಿತ್ತು, ತಟ್ಟನೆ ಹಿಂದೆ ಸರಿಯುತ್ತಿತ್ತು. ತಲೆ ಓರೆ ಮಾಡಿ ಒಂದೇ ಪಕ್ಕದಲ್ಲಿ ಅಗಿಯುತ್ತಿತ್ತು. ಗಟ್ಟಿ ಕಾಳು ಬಾಯಿಂದ ಜಾರಿ ಬೀಳುತ್ತಿತ್ತು. ತುಟಿ ಎತ್ತಿ ನೋಡಿದೆ. ಕೆಳದವಡೆಯ ಕೋರೆಹಲ್ಲು, ಅದರ ಹಿಂದೆ ಖಾಲಿ ಜಾಗ, ಆಮೇಲೆ ಸಿಗುವ ಮೊದಲ ಹಲ್ಲು. ಅದರ ಬುಡದಲ್ಲಿ ವಸಡು ಕೆಂಪಗೆ ಹಲ್ಲಿನ ಮೇಲೆ ಹತ್ತಿಕೊಂಡಿತ್ತು.

ಬೆಕ್ಕುಗಳಲ್ಲಿ ಹಲ್ಲು ಕರಗುವ ರೋಗ ಬಹಳ ಸಲ ಶುರುವಾಗುವುದು ಇದೇ ಹಲ್ಲಿನಿಂದ. ಇದು ನಮ್ಮ ಹುಳುಕು ಹಲ್ಲಿನಂತಲ್ಲ. ಅಲ್ಲಿ ಬ್ಯಾಕ್ಟೀರಿಯಾ ಬಿಡುವ ಆಮ್ಲ ಹಲ್ಲನ್ನು ಹೊರಗಿನಿಂದ ಕೊರೆಯುತ್ತದೆ. ಇಲ್ಲಿ ಬೆಕ್ಕಿನ ದೇಹದ ಕೋಶಗಳೇ ಹಲ್ಲನ್ನು ತಿನ್ನುತ್ತವೆ. ಹಾಲುಹಲ್ಲು ಉದುರುವ ಮೊದಲು ಅದರ ಬೇರನ್ನು ಕರಗಿಸುವ ಕೋಶಗಳಿವೆಯಲ್ವಾ, ಅದೇ ಜಾತಿಯವು. ಕೆಲಸ ಮುಗಿಸಿ ಹೋದ ಮನೆ ಕೆಡವುವವರು ವರ್ಷಗಳಾದ ಮೇಲೆ ಬಂದು, ಜನ ವಾಸವಿರುವ ಮನೆಯ ಪಾಯವನ್ನೇ ಅಗೆದಂತೆ! ಗುಂಡಿ ಹಲ್ಲಿನ ನರದವರೆಗೆ ಹೋದರೆ ನೋವು ವಿಪರೀತ. ಕೆಲವು ಸಲ ಈ ರೋಗಕ್ಕೆ ವಾಸನೆಯೇ ಇರುವುದಿಲ್ಲ. ನಮ್ಮ ಬೆಕ್ಕಿಗೆ ವಸಡಿನ ಸೋಂಕೂ ಇತ್ತು, ಅದಕ್ಕೇ ಗೊತ್ತಾಯಿತು.

ಪೂರ್ತಿ ಅರಿವಳಿಕೆ ಕೊಟ್ಟು ಎಕ್ಸ್‌ರೇ ತೆಗೆದರೆ ಮಾತ್ರ ಬೇರಿನ ಸ್ಥಿತಿ ತಿಳಿಯುತ್ತದೆ. ಎಚ್ಚರವಿರುವಾಗ ಮೇಲಿನ ಪಾಚಿ ಕೆರೆದರೆ ಹಲ್ಲು ಬೆಳ್ಳಗಾಗುತ್ತದೆ ಅಷ್ಟೇ, ಕೆಳಗಿನ ರೋಗ ಹಾಗೇ ಉಳಿಯುತ್ತದೆ. ಕರಗುತ್ತಿರುವ ಹಲ್ಲನ್ನು ತುಂಬಿಸಿ ಉಳಿಸಿಕೊಳ್ಳಲು ಆಗುವುದಿಲ್ಲ, ಕೀಳಬೇಕು. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ನಮ್ಮ ಬೆಕ್ಕಿಗೆ ಎರಡು ಹಲ್ಲು ಕಿತ್ತರು. ಎರಡು ವಾರ ಕಳೆದ ಮೇಲೆ ಅದು ಮತ್ತೆ ಬೆನ್ನು ನೆಕ್ಕಿಕೊಳ್ಳತೊಡಗಿತು. ಅಲ್ಲಿಯ ಕೂದಲು ಗಂಟುಗಟ್ಟಿದ್ದು ವಯಸ್ಸಾಗಿದ್ದರಿಂದ ಅಂತ ನಾವು ಅಷ್ಟು ದಿನ ಅಂದುಕೊಂಡಿದ್ದೆವು.